ಕಾಯಿಲೆಯ ಹೆಸರು ಬೇಡ, ಬೇಕಾದ್ದನ್ನು ಕೇಳಿ

ಮನಸ್ಸಿನ ಕಾಯಿಲೆಗೆ ದಿನಾ ಮಾತ್ರೆ ತೆಗೆದುಕೊಂಡು, ಸರಿಯಾದ ಹೊತ್ತಿಗೆ ಬಸ್ ಹಿಡಿದು ಫ್ಯಾಕ್ಟರಿಗೆ ಹೋಗಿ ದುಡಿಯುವವರು ನಮ್ಮ ಊರುಗಳಲ್ಲಿ ಇದ್ದಾರೆ. ಅಕ್ಕಪಕ್ಕದವರಿಗೆ ಗೊತ್ತಿರುವುದಿಲ್ಲ, ಅಷ್ಟೇ. ಸುದ್ದಿಗೆಂದು ಹೋದಲ್ಲಿ ಇಂಥವರು ಸಿಕ್ಕಾಗ, ಮಾತು ಮುಗಿದ ಮೇಲೆ ದನಿ ತಗ್ಗಿಸಿ ನಮ್ಮನ್ನು ಕೇಳುವ ಪ್ರಶ್ನೆ ಒಂದೇ: "ಕಂಪನಿಯವರಿಗೆ ಹೇಳಬೇಕಾ, ಬೇಡವಾ?"

ಇದಕ್ಕೆ ಎರಡು ಉತ್ತರ ಚಾಲ್ತಿಯಲ್ಲಿವೆ. ಮನೆಯವರು "ಬಾಯಿ ಬಿಡಬೇಡ, ಕೆಲಸ ಹೋಗುತ್ತೆ" ಅನ್ನುತ್ತಾರೆ. ಜಾಗೃತಿ ಭಾಷಣ ಮಾಡುವವರು "ನಾಚಿಕೆ ಯಾಕೆ, ಎಲ್ಲರಿಗೂ ಹೇಳಿ" ಅನ್ನುತ್ತಾರೆ. ಎರಡೂ ಸರಿಯಲ್ಲ ಎಂಬುದು ನಮ್ಮ ಅಭಿಪ್ರಾಯ. ಕಾಯಿಲೆಯ ಹೆಸರು ಹೇಳುವುದು ಬೇರೆ, ಕೆಲಸದಲ್ಲಿ ನಮಗೆ ಏನು ಬೇಕು ಎಂದು ಕೇಳುವುದು ಬೇರೆ. ಹೆಚ್ಚಿನವರಿಗೆ ಎರಡನೆಯದಷ್ಟೇ ಸಾಕು. ಅದನ್ನು ಸರಿಯಾದ ಮನುಷ್ಯನಿಗೆ, ಸರಿಯಾದ ಕಾಗದದ ಮೂಲಕ ಕೇಳಬೇಕು.

ಒಬ್ಬ ಹುಡುಗನ ವಿಷಯ ಹೇಳುತ್ತೇವೆ. ಹೆಸರು, ಊರು, ಕಂಪನಿ ಯಾವುದೂ ಬೇಡ. ವಯಸ್ಸು 26, ಐಟಿಐ ಫಿಟ್ಟರ್. ಗಾಡಿಗಳ ಬಿಡಿಭಾಗ ಮಾಡುವ ಫ್ಯಾಕ್ಟರಿಯಲ್ಲಿ ಕಂಟ್ರಾಕ್ಟರ್ ಕಡೆಯಿಂದ ಕೆಲಸ. ಎರಡು ವರ್ಷದ ಹಿಂದೆ ಒಂದು ವಾರ ರಾತ್ರಿ ಎರಡು ಗಂಟೆಯೂ ಮಲಗದೆ, ಒಂದೇ ಸಮ ಮಾತಾಡುತ್ತಾ, ಸಾಲ ಮಾಡಿ ಎರಡು ಮೊಬೈಲ್ ತಂದು, ಹೊಲ ಮಾರಿ ಬಿಸಿನೆಸ್ ಮಾಡುತ್ತೇನೆ ಎಂದು ಕೂತಿದ್ದ. ಮೊದಲು ದೇವಸ್ಥಾನ, ಆಮೇಲೆ ಜಿಲ್ಲಾ ಆಸ್ಪತ್ರೆ. ಬೈಪೋಲಾರ್ ಎಂದು ಗೊತ್ತಾಯಿತು. ಅಂದರೆ ಮನಸ್ಸು ಕೆಲವು ವಾರ ಮಿತಿಮೀರಿ ಏರುವ, ಕೆಲವು ವಾರ ಪಾತಾಳಕ್ಕೆ ಇಳಿಯುವ ಕಾಯಿಲೆ. ಲಿಥಿಯಂ ಮಾತ್ರೆ ಕೊಟ್ಟರು. ಮಾತ್ರೆ ಹಿಡಿಸಿತು, ಹುಡುಗ ಮೊದಲಿನಂತಾದ, ಕೆಲಸಕ್ಕೆ ಸೇರಿದ.

ಸೇರಿದ ಐದನೇ ತಿಂಗಳು ತೊಂದರೆ ಶುರುವಾಯಿತು. ಅಲ್ಲಿ ವಾರಕ್ಕೊಂದು ಶಿಫ್ಟ್. ಎ ಶಿಫ್ಟ್ ಬೆಳಿಗ್ಗೆ 6ರಿಂದ 2, ಬಿ ಶಿಫ್ಟ್ 2ರಿಂದ ರಾತ್ರಿ 10, ಸಿ ಶಿಫ್ಟ್ ರಾತ್ರಿ 10ರಿಂದ ಬೆಳಿಗ್ಗೆ 6. ಸಿ ಶಿಫ್ಟ್ ವಾರದಲ್ಲಿ ಹಗಲು ಮೂರು ಗಂಟೆ ಮಲಗುವುದೂ ಕಷ್ಟ. ತಗಡಿನ ಮನೆ, ಬಿಸಿಲು, ಪಕ್ಕದಲ್ಲಿ ಹಿಟ್ಟಿನ ಗಿರಣಿ. ಮೂರನೇ ದಿನ ಅವನ ಅಕ್ಕ ಒಂದು ವಿಷಯ ಗಮನಿಸಿದಳು: ನಿದ್ದೆ ಇಲ್ಲ, ಆದರೆ ಸುಸ್ತೂ ಇಲ್ಲ. ನಿದ್ದೆಗೆಟ್ಟವನು ತೂಕಡಿಸಬೇಕು. ಇವನು ಮನೆಗೆ ಬಂದು ಕೊಟ್ಟಿಗೆ ತೊಳೆಯಲು ನಿಂತಿದ್ದ. ಈ ಕಾಯಿಲೆಯಲ್ಲಿ ಅದೇ ಮೊದಲ ಎಚ್ಚರಿಕೆ. ನಿದ್ದೆ ತಪ್ಪಿದರೆ ಕಾಯಿಲೆ ಮರುಕಳಿಸಬಹುದು, ಮರುಕಳಿಸಿದರೆ ನಿದ್ದೆ ಇನ್ನೂ ಹೋಗುತ್ತದೆ. ಡಾಕ್ಟರ ಹತ್ತಿರ ಓಡಿದರು, ಮಾತ್ರೆ ಸರಿ ಮಾಡಿಸಿ ಆ ವಾರ ಹೇಗೋ ದಾಟಿದರು. ಆದರೆ ಮೂರು ವಾರಕ್ಕೆ ಸಿ ಶಿಫ್ಟ್ ಮತ್ತೆ ಬರುತ್ತದಲ್ಲ?

ಹೇಳಬೇಕಾ ಬೇಡವಾ ಎಂಬ ಪ್ರಶ್ನೆಗೆ ಉತ್ತರ ಇಂಥ ಲೆಕ್ಕದಿಂದ ಬರಬೇಕು. ಧೈರ್ಯ ಇದೆಯಾ ಇಲ್ಲವಾ ಎಂದು ನೋಡಬೇಡಿ. ಮೂರು ವಿಷಯ ನೋಡಿ. ಈ ಕೆಲಸದ ಯಾವುದಾದರೂ ಭಾಗ ನಿಮ್ಮ ಕಾಯಿಲೆಯನ್ನು ಕೆದಕುತ್ತದೆಯಾ? ಮಾತ್ರೆಯಿಂದ ತೂಕಡಿಕೆ, ತಲೆಸುತ್ತು ಬಂದರೆ ನಿಮಗೋ ಬೇರೆಯವರಿಗೋ ಪೆಟ್ಟಾಗುವ ಕೆಲಸವಾ? ಮಾಲೀಕರು ಬದಲಿಸಿಕೊಡಬಹುದಾದದ್ದು ಏನಾದರೂ ಇದೆಯಾ? ಮೂರಕ್ಕೂ "ಇಲ್ಲ" ಎಂದಾದರೆ ಹೇಳುವ ಅಗತ್ಯವೇ ಇಲ್ಲ. ಅಂಗಡಿಯಲ್ಲಿ ಹಗಲು ಲೆಕ್ಕ ಬರೆಯುವವರು ರಾತ್ರಿ ಒಂದು ಖಿನ್ನತೆಯ ಮಾತ್ರೆ ತೆಗೆದುಕೊಂಡು ಚೆನ್ನಾಗಿದ್ದರೆ, ಅದು ಸಾಹುಕಾರರಿಗೆ ಸಂಬಂಧಪಟ್ಟ ವಿಷಯವಲ್ಲ. ಎರಡನೆಯದಕ್ಕೆ "ಹೌದು" ಎಂದಾದರೆ, ಅಂದರೆ ಬಸ್ಸು ಲಾರಿ ಓಡಿಸುವವರು, ಕ್ರೇನ್ ನಡೆಸುವವರು, ಕಂಬ ಹತ್ತುವವರು, ಬಂದೂಕು ಹಿಡಿದ ಕಾವಲುಗಾರರು ಆದರೆ, ಸುಮ್ಮನಿರಬಾರದು. ಅಲ್ಲಿ ಬೇರೆಯವರ ಜೀವ ಇದೆ. ಮೊದಲು ಡಾಕ್ಟರನ್ನು ಕೇಳಿ, ಅವರು ಹೇಳುವ ತನಕ ಆ ಕೆಲಸದಿಂದ ದೂರವಿರಿ.

ನಮ್ಮ ಹುಡುಗನ ಲೆಕ್ಕ ಹೀಗೆ ಬಂತು. ಒಂದು, ರಾತ್ರಿ ಪಾಳಿ ಬೇಡ. ಎರಡು, ಮೂರು ತಿಂಗಳಿಗೊಮ್ಮೆ ಒಂದು ಬೆಳಿಗ್ಗೆ ರಜೆ ಬೇಕು. ಲಿಥಿಯಂ ತೆಗೆದುಕೊಳ್ಳುವವರ ರಕ್ತದಲ್ಲಿ ಅದರ ಪ್ರಮಾಣ ಎಷ್ಟಿದೆ ಎಂದು ಆಗಾಗ ನೋಡಬೇಕು, ಕೊನೆಯ ಮಾತ್ರೆ ನುಂಗಿದ ಸುಮಾರು 12 ಗಂಟೆಗೆ ರಕ್ತ ಕೊಡಬೇಕು. ರಾತ್ರಿ 9ಕ್ಕೆ ಮಾತ್ರೆ ಎಂದರೆ ಬೆಳಿಗ್ಗೆ 9ಕ್ಕೆ ಲ್ಯಾಬಿನಲ್ಲಿರಬೇಕು. ಮೂರು, ಕೈಗೆಟಕುವಂತೆ ನೀರು. ಬೆವರು ಸುರಿದು ನೀರು ಕಡಿಮೆಯಾದರೆ, ವಾಂತಿ ಭೇದಿಯಾದರೆ, ರಕ್ತದಲ್ಲಿ ಲಿಥಿಯಂ ಏರುತ್ತದೆ. ಕೈ ಜೋರಾಗಿ ನಡುಗುವುದು, ವಾಂತಿ, ತೂರಾಟ, ಮಾತು ತೊದಲುವುದು ಅದರ ಗುರುತು. ಹಾಗಾದರೆ ಮುಂದಿನ ಮಾತ್ರೆ ನುಂಗದೆ ತಕ್ಷಣ ಆಸ್ಪತ್ರೆಗೆ ಹೋಗಬೇಕು.

ಈ ಮೂರರಲ್ಲಿ ನೀರಿಗೆ ಯಾರ ಅಪ್ಪಣೆಯೂ ಬೇಕಿರಲಿಲ್ಲ. ಎರಡು ಲೀಟರ್ ಬಾಟಲಿ ಒಯ್ಯತೊಡಗಿದ. ಉಳಿದದ್ದು ಎರಡೇ. ಕೇಳುವ ಮುಂಚೆ ಹೀಗೆ ಬರೆದುಕೊಂಡರೆ, ಬೆಟ್ಟದಂತೆ ಕಂಡದ್ದು ಎರಡು ಸಾಲಿಗೆ ಇಳಿಯುತ್ತದೆ.

ಇನ್ನು ಯಾರಿಗೆ ಹೇಳುವುದು? ಹಳ್ಳಿಯವರು ಎಡವುವುದು ಇಲ್ಲೇ. ನಮ್ಮ ಕಡೆ ಫ್ಯಾಕ್ಟರಿ ಕೆಲಸ ಸಿಗುವುದೇ ಪರಿಚಯದ ಮೇಲೆ. ಲೈನ್ ಲೀಡರ್ ಪಕ್ಕದೂರಿನವನು, ವ್ಯಾನ್ ಡ್ರೈವರ್ ದೊಡ್ಡಪ್ಪನ ಮಗ, ಸೂಪರ್‌ವೈಸರ್ ಯಾರದೋ ಭಾವಮೈದುನ. ಹತ್ತಿರದವರಲ್ಲವಾ ಎಂದು ಮೊದಲು ಅವರ ಹತ್ತಿರವೇ ತೋಡಿಕೊಳ್ಳುತ್ತೇವೆ. ಶಿಫ್ಟ್ ಬಿಟ್ಟು ನಾವು ಊರು ತಲುಪುವಷ್ಟರಲ್ಲಿ ಸುದ್ದಿ ಅರಳಿಕಟ್ಟೆಗೆ ಬಂದು ಕೂತಿರುತ್ತದೆ. ಇವನ ಅಕ್ಕನಿಗೆ ಆಗ ಗಂಡು ನೋಡುತ್ತಿದ್ದರು. "ಆ ಮನೇಲಿ ತಲೆ ಕೆಟ್ಟವನಿದ್ದಾನೆ" ಎಂಬ ಒಂದು ಮಾತು ಸಾಕು, ಬಂದ ಸಂಬಂಧ ಹಿಂದಕ್ಕೆ ಹೋಗಲು. ಕೆಲಸದ ಜಾಗದಲ್ಲಿ ಹೇಳಿದ್ದು ಕೆಲಸದ ಜಾಗದಲ್ಲೇ ಉಳಿಯುತ್ತದೆ ಎಂದು ಪಟ್ಟಣದವರು ನಂಬಬಹುದು. ನಮಗೆ ಆ ಸೌಲಭ್ಯ ಇಲ್ಲ.

ಹಾಗಾಗಿ ನಿಮ್ಮ ಬೇಡಿಕೆಯನ್ನು ಈಡೇರಿಸುವ ಅಧಿಕಾರ ಇರುವ, ನಿಮ್ಮ ಊರಿಗೆ ಸಂಬಂಧವಿಲ್ಲದ ಒಬ್ಬರನ್ನು ಹುಡುಕಿ. ದೊಡ್ಡ ಫ್ಯಾಕ್ಟರಿಯಾದರೆ ಎಚ್‌ಆರ್ ಅಥವಾ ವೆಲ್ಫೇರ್ ಆಫೀಸರ್. ಕಂಟ್ರಾಕ್ಟ್ ಕಾರ್ಮಿಕರಾದರೆ ಇನ್ನೊಂದು ತೊಡಕಿದೆ: ಸಂಬಳ ಕೊಡುವವನು ಕಂಟ್ರಾಕ್ಟರ್, ಶಿಫ್ಟ್ ಹಾಕುವವರು ಕಂಪನಿಯವರು. ಒಬ್ಬರಿಗೆ ಕೊಟ್ಟರೆ ಇನ್ನೊಬ್ಬರು "ನಮಗೆ ಗೊತ್ತೇ ಇಲ್ಲ" ಅನ್ನುತ್ತಾರೆ. ಆದ್ದರಿಂದ ಇಬ್ಬರ ಆಫೀಸಿಗೂ ಒಂದೊಂದು ಪ್ರತಿ ಕೊಡಬೇಕು.

ಕೊಡಬೇಕಾದ್ದು ಡಾಕ್ಟರ ಪತ್ರ. ಈ ಪತ್ರದಲ್ಲಿ ಕಾಯಿಲೆಯ ಹೆಸರು ಇರಲೇಬೇಕೆಂದಿಲ್ಲ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 23ನೇ ಸೆಕ್ಷನ್ ಪ್ರಕಾರ ನಿಮ್ಮ ಮಾನಸಿಕ ಆರೋಗ್ಯ, ಚಿಕಿತ್ಸೆಯ ವಿವರ ಗೋಪ್ಯವಾಗಿರಬೇಕು ಎಂಬುದು ನಿಮ್ಮ ಹಕ್ಕು. ಡಾಕ್ಟರು ಅದನ್ನು ಕಾಪಾಡಬೇಕು. ಆದರೆ ನಾವು ಕೇಳದಿದ್ದರೆ ಅವರು ಅಭ್ಯಾಸಬಲದಿಂದ ಬರೆದುಬಿಡುತ್ತಾರೆ. ಇವನಿಗೆ ಮೊದಲು ಸಿಕ್ಕ ಪತ್ರದಲ್ಲಿ ಕಾಯಿಲೆಯ ನಾಲ್ಕಕ್ಷರದ ಚುಟುಕು ಹೆಸರಿತ್ತು. ಮೊಬೈಲಿನಲ್ಲಿ ಹುಡುಕಿದರೆ ಯಾರಿಗೂ ಅರ್ಥ ಸಿಗುತ್ತದೆ. ವಾಪಸ್ ಹೋಗಿ ಬೇರೆ ಬರೆಸಿಕೊಂಡ.

ಹೆಸರು ಬೇರೆ ದಾರಿಯಲ್ಲೂ ಹೊರಬೀಳುತ್ತದೆ. ಪತ್ರದ ಮೇಲೆ "ಮನೋವೈದ್ಯಕೀಯ ವಿಭಾಗ" ಎಂಬ ಸೀಲಿದ್ದರೆ, ನಿಮ್ಹಾನ್ಸ್ ಹೆಸರಿದ್ದರೆ, ಒಳಗೆ ಏನು ಬರೆದಿಲ್ಲದಿದ್ದರೂ ಓದುವವರು ಓದಿಕೊಳ್ಳುತ್ತಾರೆ. ಪತ್ರದ ಜೊತೆ ಮಾತ್ರೆ ಚೀಟಿಯ ಜೆರಾಕ್ಸ್, ಡಿಸ್ಚಾರ್ಜ್ ಕಾಗದ ಲಗತ್ತಿಸಿದರಂತೂ ಮುಗಿಯಿತು, ಮಾತ್ರೆಯ ಹೆಸರೇ ಎಲ್ಲ ಹೇಳುತ್ತದೆ. ಇದಕ್ಕೊಂದು ದಾರಿ ಇದೆ. ಮನೋವೈದ್ಯರ ಸಲಹೆಯನ್ನು ಇಎಸ್‌ಐ ಚಿಕಿತ್ಸಾಲಯದ ಡಾಕ್ಟರಿಗೋ ತಾಲ್ಲೂಕು ಆಸ್ಪತ್ರೆಯ ವೈದ್ಯಾಧಿಕಾರಿಗೋ ತೋರಿಸಿ, ಅವರಿಂದ ಪತ್ರ ಕೊಡಲು ಕೇಳಬಹುದು. ಇವನು ಹಾಗೇ ಮಾಡಿದ. ಕೊನೆಗೆ ಸಿಕ್ಕ ಪತ್ರದ ಒಕ್ಕಣೆ ಹೀಗಿತ್ತು:

"ಇವರು ದೀರ್ಘಕಾಲದ ಆರೋಗ್ಯ ಸಮಸ್ಯೆಗೆ ಚಿಕಿತ್ಸೆ ಪಡೆಯುತ್ತಿದ್ದು, ಸ್ಥಿತಿ ಹತೋಟಿಯಲ್ಲಿದೆ. ಈಗ ಮಾಡುತ್ತಿರುವ ಕೆಲಸಕ್ಕೆ ಅರ್ಹರಾಗಿದ್ದಾರೆ. ನಿದ್ದೆಗೆ ಭಂಗ ಬಂದರೆ ಆರೋಗ್ಯ ಹದಗೆಡುವ ಕಾರಣ ರಾತ್ರಿ 10ರಿಂದ ಬೆಳಿಗ್ಗೆ 6ರ ಪಾಳಿಗೆ ಹಾಕಬಾರದು. ಮೂರು ತಿಂಗಳಿಗೊಮ್ಮೆ ರಕ್ತಪರೀಕ್ಷೆಗೆ ಅರ್ಧ ದಿನ ಬಿಡುವು ಬೇಕು. ಆರು ತಿಂಗಳ ನಂತರ ಮರುಪರಿಶೀಲಿಸಲಾಗುವುದು."

ಇದರಲ್ಲಿ ಒಂದು ಅಕ್ಷರವೂ ಸುಳ್ಳಿಲ್ಲ. "ಅರ್ಹರಾಗಿದ್ದಾರೆ" ಎಂಬ ಮಾತು ಮುಖ್ಯ. ಅದಿಲ್ಲದಿದ್ದರೆ "ಪೂರ್ತಿ ಗುಣವಾದ ಮೇಲೆ ಬಾ" ಎಂದು ಮನೆಗೆ ಕಳಿಸಲು ದಾರಿಯಾಗುತ್ತದೆ. "ಆರು ತಿಂಗಳು" ಎಂಬುದೂ ಮುಖ್ಯ. ಕೊನೆಯಿಲ್ಲದ ಬೇಡಿಕೆಗಿಂತ ಅವಧಿ ಇರುವ ಬೇಡಿಕೆಗೆ ಆಫೀಸಿನವರು ಬೇಗ ಒಪ್ಪುತ್ತಾರೆ.

ಎಚ್‌ಆರ್ ಮೇಡಂ ಪತ್ರ ಓದಿ ಮೊದಲು ಕೇಳಿದ್ದೇ "ಏನಪ್ಪಾ ಕಾಯಿಲೆ?" ಎಂದು. ಹುಡುಗ ಉತ್ತರವನ್ನು ಮನೆಯಲ್ಲೇ ಹತ್ತು ಸಲ ಹೇಳಿಕೊಂಡು ಹೋಗಿದ್ದ. "ನಿದ್ದೆ ಕೆಟ್ಟರೆ ಜಾಸ್ತಿಯಾಗೋ ತೊಂದರೆ ಮೇಡಂ. ಯಾರಿಗೂ ಹರಡೋದಲ್ಲ. ಮಾತ್ರೆ ತಗೊತಾ ಇದೀನಿ, ಚೆನ್ನಾಗಿದೀನಿ. ಐದು ತಿಂಗಳ ಹಾಜರಿ ನೋಡಿ, ರಾತ್ರಿ ಪಾಳಿ ಒಂದು ಬಿಟ್ಟು ಯಾವ ಕೆಲಸ ಕೊಟ್ಟರೂ ಮಾಡ್ತೀನಿ." ಅಷ್ಟೇ. ಮತ್ತೆ ಕೇಳಿದರೆ "ಅದನ್ನ ಡಾಕ್ಟರು ಗೋಪ್ಯವಾಗಿಡಬೇಕು ಅಂದಿದಾರೆ ಮೇಡಂ" ಎನ್ನಲು ತಯಾರಿದ್ದ. ಅವರು ಮತ್ತೆ ಕೇಳಲಿಲ್ಲ.

ಎರಡು ವಾರಕ್ಕೆ ಅವನ ಹೆಸರು ಎ ಮತ್ತು ಬಿ ಶಿಫ್ಟಿಗೆ ಬಂತು. ಪುಕ್ಕಟೆಯಾಗೇನೂ ಬರಲಿಲ್ಲ. ರಾತ್ರಿ ಭತ್ಯೆ ಹೋಯಿತು, ತಿಂಗಳಿಗೆ ಏಳೆಂಟು ನೂರು ಕಡಿಮೆ. ಜೊತೆಯವರು "ಇವನೊಬ್ಬನಿಗೆ ಯಾಕೆ ನೈಟ್ ಇಲ್ಲ?" ಎಂದು ಗೊಣಗಿದರು. ಅವರಿಗೂ ಒಂದು ಉತ್ತರ ಬೇಕಲ್ಲ? "ನಿದ್ದೆ ತೊಂದರೆ, ಡಾಕ್ಟರು ಬೇಡ ಅಂದಿದಾರೆ" ಎಂದ. ಅದೂ ನಿಜವೇ.

ಯಾವಾಗ ಹೇಳುವುದು ಎಂಬುದನ್ನೂ ಇಲ್ಲಿ ಗಮನಿಸಿ. ಇಂಟರ್‌ವ್ಯೂ ದಿನ ಇವನು ಏನೂ ಹೇಳಲಿಲ್ಲ, ಯಾರೂ ಕೇಳಲೂ ಇಲ್ಲ. ಐದು ತಿಂಗಳ ಹಾಜರಿ, ಕೆಲಸದ ಹೆಸರು ಗಳಿಸಿದ ಮೇಲೆ ಕೇಳಿದ. ಆ ಹೊತ್ತಿಗೆ ಇಎಸ್‌ಐ ಕಾರ್ಡೂ ಚಾಲ್ತಿಯಲ್ಲಿತ್ತು. ಅಕಸ್ಮಾತ್ ಕಾಯಿಲೆ ಮರುಕಳಿಸಿ ರಜೆ ಹಾಕಬೇಕಾದರೆ, ವಂತಿಗೆಯ ದಿನಗಳು ಸಾಕಷ್ಟಿದ್ದವರಿಗೆ ಇಎಸ್‌ಐನಿಂದ ವರ್ಷಕ್ಕೆ 91 ದಿನದವರೆಗೆ ಕೂಲಿಯ ಶೇಕಡಾ 70ರಷ್ಟು ಸಿಗುತ್ತದೆ. ತೀವ್ರ ಮನೋರೋಗಗಳು ಅವರ ದೀರ್ಘಕಾಲದ ಕಾಯಿಲೆಗಳ ಪಟ್ಟಿಯಲ್ಲೂ ಇವೆ. ಸೇರುವಾಗಲೇ ಫಾರಂನಲ್ಲಿ "ಯಾವುದಾದರೂ ಕಾಯಿಲೆ ಇದೆಯೇ?" ಎಂದು ನೇರವಾಗಿ ಕೇಳಿದ್ದರೆ ಮಾತ್ರ "ಇಲ್ಲ" ಎಂದು ಬರೆಯಬೇಡಿ. ಮುಂದೆ ಎಂದಾದರೂ ತೆಗೆದುಹಾಕಲು ಆ ಸುಳ್ಳೇ ನೆಪವಾಗುತ್ತದೆ. "ವೈದ್ಯರ ಸಲಹೆಯಂತೆ ಔಷಧಿ ತೆಗೆದುಕೊಳ್ಳುತ್ತಿದ್ದೇನೆ, ಕೆಲಸಕ್ಕೆ ಅರ್ಹನಿದ್ದೇನೆ" ಎಂದು ಬರೆಯಿರಿ.

ಕಾನೂನು ಎಷ್ಟು ಕಾಯುತ್ತದೆ ಎಂಬುದನ್ನೂ ಇದ್ದಂತೆ ಹೇಳಬೇಕು. ಸರ್ಕಾರಿ ನೌಕರರಿಗೆ ರಕ್ಷಣೆ ಗಟ್ಟಿಯಾಗಿದೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 20ನೇ ಸೆಕ್ಷನ್ ಪ್ರಕಾರ, ಸೇವೆಯಲ್ಲಿರುವಾಗ ಅಂಗವೈಕಲ್ಯ ಬಂದವರನ್ನು ಸರ್ಕಾರಿ ಸಂಸ್ಥೆ ತೆಗೆದುಹಾಕುವಂತಿಲ್ಲ, ದರ್ಜೆ ಇಳಿಸುವಂತಿಲ್ಲ. ಮನೋರೋಗದಿಂದ ಬರುವ ಅಂಗವೈಕಲ್ಯವೂ ಈ ಕಾಯ್ದೆಯೊಳಗೆ ಬರುತ್ತದೆ. ಸಿಆರ್‌ಪಿಎಫ್‌ನ ರವೀಂದರ್ ಕುಮಾರ್ ಧಾರಿವಾಲ್ ಅವರ ಪ್ರಕರಣದಲ್ಲಿ 2021ರ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟ್ ಅವರಿಗೆ ಈ ಸೆಕ್ಷನ್ನಿನ ರಕ್ಷಣೆ ಕೊಟ್ಟಿತು. ಮನೋರೋಗ ಇರುವ ನೌಕರನ ಮೇಲೆ ಶಿಸ್ತುಕ್ರಮ ಹೂಡುವಾಗ, ಆ ವರ್ತನೆಗೆ ಕಾಯಿಲೆಯೂ ಒಂದು ಕಾರಣವಾಗಿದ್ದರೆ ಅದು ತಾರತಮ್ಯವಾಗುತ್ತದೆ ಎಂದೂ ಹೇಳಿತು. ಹಾಗಾಗಿ ಸರ್ಕಾರಿ ಕೆಲಸದಲ್ಲಿರುವವರು ಕಾಯಿಲೆ ಕೆಲಸಕ್ಕೆ ಅಡ್ಡ ಬರುತ್ತಿದ್ದರೆ ನೋಟಿಸ್ ಬರುವ ತನಕ ಕಾಯದೆ ದಾಖಲೆ ಸಮೇತ ತಿಳಿಸುವುದೇ ವಾಸಿ.

ಖಾಸಗಿಯಲ್ಲಿ ಅಷ್ಟು ಗಟ್ಟಿಯಿಲ್ಲ. ಇಪ್ಪತ್ತು ಅಥವಾ ಹೆಚ್ಚು ಜನ ಕೆಲಸ ಮಾಡುವ ಖಾಸಗಿ ಸಂಸ್ಥೆಯೂ ಅಂಗವಿಕಲರಿಗಾಗಿ ಸಮಾನ ಅವಕಾಶ ನೀತಿ ಪ್ರಕಟಿಸಬೇಕು ಎಂದು ಅದೇ ಕಾಯ್ದೆ, ನಿಯಮಗಳು ಹೇಳುತ್ತವೆ. ಆದರೆ ಕಂಟ್ರಾಕ್ಟರ್ "ನಾಳೆಯಿಂದ ಬರಬೇಡ" ಎಂದರೆ ಕಾರಣ ಹೇಳಿರುವುದಿಲ್ಲ. ಕಾರಣ ಇಲ್ಲದ್ದನ್ನು ತಾರತಮ್ಯ ಎಂದು ಸಾಬೀತು ಮಾಡುವುದು ಕಷ್ಟ. ಕಾಗದಕ್ಕೆ ಬೆಲೆ ಬರುವುದೇ ಇಲ್ಲಿ. ಪತ್ರ ಕೊಟ್ಟಾಗ ನಿಮ್ಮ ಪ್ರತಿಯ ಮೇಲೆ ಸೀಲು, ತಾರೀಖು ಹಾಕಿಸಿಕೊಳ್ಳಿ. ಹಾಕಿಕೊಡದಿದ್ದರೆ ಪತ್ರದ ಫೋಟೋವನ್ನು "ಸರ್, ಇವತ್ತು ಆಫೀಸಿಗೆ ಕೊಟ್ಟ ಪತ್ರ" ಎಂದು ಅದೇ ಅಧಿಕಾರಿಯ ವಾಟ್ಸಾಪಿಗೆ ಮಾತ್ರ ಕಳಿಸಿ. ಲೈನಿನ ಗ್ರೂಪಿಗೆ ಹಾಕಬೇಡಿ. ಪತ್ರ ಕೊಟ್ಟ ಹತ್ತೇ ದಿನಕ್ಕೆ ಕೆಲಸದಿಂದ ಬಿಡಿಸಿದರೆ ಆ ಎರಡು ತಾರೀಖುಗಳೇ ನಿಮ್ಮ ಸಾಕ್ಷಿ.

ಕೆಡುವ ಲಕ್ಷಣ ಮೊದಲೇ ಕಾಣುತ್ತದೆ. "ಸ್ವಲ್ಪ ದಿನ ರೆಸ್ಟ್ ತಗೋ" ಎಂದು ಗೇಟಿನಲ್ಲೇ ತಡೆಯುವುದು, ವಾರಕ್ಕೆ ಆರು ದಿನದ ಕೆಲಸ ಮೂರು ದಿನಕ್ಕೆ ಇಳಿಯುವುದು, ರಾಜೀನಾಮೆಗೆ ಸಹಿ ಕೇಳುವುದು. ಸಹಿ ಹಾಕಬೇಡಿ. ರಾಜೀನಾಮೆ ಕೊಟ್ಟ ಮೇಲೆ ಅವರು ತೆಗೆದರು ಎಂದು ಹೇಳಲು ಬರುವುದಿಲ್ಲ. "ಬರವಣಿಗೆಯಲ್ಲಿ ಕೊಡಿ ಸರ್" ಎಂದು ಕೇಳಿ, ಜಿಲ್ಲೆಯ ಕಾರ್ಮಿಕ ಅಧಿಕಾರಿಗೆ ದೂರು ಕೊಡಿ. ಕಾಯಿಲೆಯ ಕಾರಣಕ್ಕೇ ಎಂದು ತೋರಿಸಲು ಆಧಾರವಿದ್ದರೆ ರಾಜ್ಯದ ಅಂಗವಿಕಲರ ಆಯುಕ್ತರಿಗೂ ಬರೆಯಬಹುದು. ಆದರೆ ಅಲ್ಲಿ ಕಾಯಿಲೆಯ ಹೆಸರನ್ನು ದಾಖಲೆ ಸಮೇತ ಹೇಳಬೇಕಾಗುತ್ತದೆ, ಅದನ್ನು ತಿಳಿದೇ ಹೆಜ್ಜೆ ಇಡಿ. ವಕೀಲರಿಗೆ ದುಡ್ಡಿಲ್ಲ ಎಂದು ಕೂರಬೇಡಿ. ಕೋರ್ಟ್ ಆವರಣದಲ್ಲಿ ವಿಚಾರಿಸಿದರೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರ ಎಲ್ಲಿದೆ ಎಂದು ತೋರಿಸುತ್ತಾರೆ. ಕೈಗಾರಿಕಾ ಕಾರ್ಮಿಕರಿಗೆ, ಮಹಿಳೆಯರಿಗೆ, ಪರಿಶಿಷ್ಟ ಜಾತಿ ಪಂಗಡದವರಿಗೆ, ಅಂಗವಿಕಲರಿಗೆ ಅಲ್ಲಿ ವಕೀಲರು ಉಚಿತ.

"ಹೀಗೆ ಹೆಸರು ಮುಚ್ಚಿಟ್ಟರೆ ಕಳಂಕ ಹೋಗುವುದು ಯಾವಾಗ?" ಎಂದು ನಮ್ಮ ಗೆಳೆಯರೇ ಕೇಳಿದ್ದಾರೆ. ನ್ಯಾಯವಾದ ಪ್ರಶ್ನೆ. ಎದ್ದು ನಿಂತು ಹೆಸರು ಹೇಳುವವರ ಮೇಲೆ ನಮಗೆ ಗೌರವವಿದೆ. ಆದರೆ ಕಳಂಕ ತೊಡೆಯುವ ಖರ್ಚನ್ನು ಆರು ತಿಂಗಳ ಕಂಟ್ರಾಕ್ಟಿನ ಮೇಲೆ ದುಡಿಯುವ, ಅಕ್ಕನ ಮದುವೆ ಬಾಕಿ ಇರುವ ಹುಡುಗನ ತಲೆಗೆ ಕಟ್ಟುವುದನ್ನು ನಾವು ಒಪ್ಪುವುದಿಲ್ಲ. ಆ ಖರ್ಚನ್ನು ಮೊದಲು ಹೊರಬೇಕಾದವರು ಕಂಪನಿಗಳು. ಡಾಕ್ಟರು ಬರೆದ ಮಿತಿಯನ್ನು ಪಾಲಿಸಲು ಕಾಯಿಲೆಯ ಹೆಸರು ಯಾಕೆ ಬೇಕು? ಬೆನ್ನುನೋವಿನವನಿಗೆ ಭಾರ ಎತ್ತಿಸಬೇಡಿ ಎಂದರೆ ಎಕ್ಸ್‌ರೇ ಕೇಳುವುದಿಲ್ಲವಲ್ಲ.

ಪೂರ್ತಿ ಮುಚ್ಚಿಡುವುದಕ್ಕೂ ನಾವು ವಿರೋಧವೇ. ಲಿಥಿಯಂ ತೆಗೆದುಕೊಳ್ಳುವವನು ಯಂತ್ರದ ಮುಂದೆ ಕುಸಿದರೆ, ಮೈಕೈ ನೋವೆಂದು ಯಾರೋ ಡೈಕ್ಲೋಫೆನಾಕ್, ಐಬುಪ್ರೊಫೆನ್‌ನಂಥ ನೋವಿನ ಔಷಧಿ ಕೊಟ್ಟರೆ ರಕ್ತದಲ್ಲಿ ಲಿಥಿಯಂ ಇನ್ನೂ ಏರಬಹುದು. ಅದಕ್ಕೇ ಈ ಹುಡುಗನ ಐಡಿ ಕಾರ್ಡಿನ ಹಿಂದೆ ಮಡಚಿದ ಒಂದು ಚೀಟಿ ಇದೆ. ಮೇಲೆ "ಡಾಕ್ಟರಿಗೆ ಮಾತ್ರ" ಎಂದಿದೆ. ಒಳಗೆ ಮಾತ್ರೆಯ ಹೆಸರು, ಪ್ರಮಾಣ, ಅಕ್ಕನ ಫೋನ್ ನಂಬರು. ಲೈನಿನಲ್ಲಿ ನಂಬಿಕೆಯ ಒಬ್ಬ ಗೆಳೆಯನಿಗೆ ಚೀಟಿ ಎಲ್ಲಿದೆ ಎಂದಷ್ಟೇ ಗೊತ್ತು, ಒಳಗೇನಿದೆ ಎಂದು ಗೊತ್ತಿಲ್ಲ.

ನಿಮ್ಮ ಕಾಯಿಲೆ ಬೇರೆ ಇರಬಹುದು, ಮಾತ್ರೆ ಬೇರೆ ಇರಬಹುದು. ಆಗ ಕೇಳಬೇಕಾದ್ದೂ ಬೇರೆಯಾಗುತ್ತದೆ. ಅದನ್ನು ಡಾಕ್ಟರ ಹತ್ತಿರ ಕೂತು ಪಟ್ಟಿ ಮಾಡಿ. ಡಾಕ್ಟರು ದೂರವಿದ್ದರೆ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಫೋನ್ ಮಾಡಿ. ಹಗಲು ರಾತ್ರಿ ಯಾವಾಗ ಬೇಕಾದರೂ, ಉಚಿತವಾಗಿ, ಕನ್ನಡದಲ್ಲೇ ಮಾತಾಡುತ್ತಾರೆ. ಪಟ್ಟಿ ಎರಡು ಸಾಲಿಗೆ ಇಳಿದ ಮೇಲೆ ಪತ್ರ ಬರೆಸಿ. ಪತ್ರ ಕೈಗೆ ಬಂದ ಮೇಲೆ ಆಫೀಸಿನ ಬಾಗಿಲು ತಟ್ಟಿ. ಅಲ್ಲಿಯ ತನಕ ವ್ಯಾನಿನಲ್ಲಿ ಪಕ್ಕ ಕೂರುವವರ ಹತ್ತಿರವೂ ಈ ಮಾತು ಬೇಡ.